ಇಆರ್‌ಪಿ ಪ್ರಾಜೆಕ್ಟ್ ಶುರು ಮಾಡೋ ಮೇಲ್ ಬರೀತಿದೀನಿ, ಕಳ್ಸೋ ಮುಂಚೆ ಒಂದ್ಸಲ ನೋಡಿ ಹೇಳ್ತೀರಾ?

ಪೀಣ್ಯ_ಪ್ಲಾನಿಂಗ್

ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ಒಂದು ಮಷಿನ್ ಶಾಪಲ್ಲಿ ಪ್ಲಾನಿಂಗ್ ನೋಡ್ಕೊಳ್ತೀನಿ. ಸಿಎನ್‌ಸಿ ಟರ್ನಿಂಗ್, ಸ್ವಲ್ಪ ಮಿಲ್ಲಿಂಗ್, ಬಹುಪಾಲು ಆಟೋ ಕಂಪನಿಗಳಿಗೆ ಶಾಫ್ಟು ಬುಶ್ಶು ಇಂಥವು. ಪ್ರೈವೇಟ್ ಲಿಮಿಟೆಡ್, ಎರಡು ಶಿಫ್ಟು, ಸುಮಾರು 70 ಜನ. ಅಕೌಂಟ್ಸ್ ಒಂದು ಸಾಫ್ಟ್‌ವೇರಲ್ಲಿದೆ, ಸ್ಟೋರ್ಸ್ ಎಕ್ಸೆಲಲ್ಲಿ, ಪ್ರೊಡಕ್ಷನ್ ಇನ್ನೂ ರಿಜಿಸ್ಟರಲ್ಲಿ. ಈಗ ಇಆರ್‌ಪಿ ತಗೊಂಡಾಗಿದೆ, ವೆಂಡರ್ ಜೊತೆ ಅಗ್ರಿಮೆಂಟೂ ಆಗಿದೆ, 2026ರ ಏಪ್ರಿಲ್ 1ಕ್ಕೆ ಗೋಲೈವ್ ಅಂತ ಓನರ್ ಹೇಳಿದಾರೆ. ಪ್ರಾಜೆಕ್ಟ್ ನೋಡ್ಕೊಳ್ಳೋಕೆ ನನ್ನ ಹಾಕಿದಾರೆ, ಮೊದಲನೇ ಮೇಲ್ ನೀನೇ ಕಳ್ಸು ಅಂದ್ರು. ಬರ್ದಿರೋದು ಇದು:

> ವಿಷಯ: ಇಆರ್‌ಪಿ ಪ್ರಾಜೆಕ್ಟ್ ಕಿಕ್‌ಆಫ್
>
> ಎಲ್ಲರಿಗೂ ನಮಸ್ಕಾರ. ನಮ್ಮ ಕಂಪನಿಯಲ್ಲಿ ಹೊಸ ಇಆರ್‌ಪಿ ಅಳವಡಿಸಲಾಗುತ್ತಿದೆ ಎಂದು ತಿಳಿಸಲು ಸಂತೋಷವಾಗುತ್ತದೆ.
>
> ಗುರಿ: ಎಲ್ಲ ವಿಭಾಗಗಳನ್ನು ಡಿಜಿಟಲ್ ಮಾಡುವುದು, ಪಾರದರ್ಶಕತೆ, ಸಮಯದ ಉಳಿತಾಯ.
>
> ಜವಾಬ್ದಾರಿ: ಸ್ಟೋರ್ಸ್, ಪರ್ಚೇಸ್, ಅಕೌಂಟ್ಸ್, ಪ್ರೊಡಕ್ಷನ್, ಕ್ವಾಲಿಟಿ ಎಲ್ಲರೂ ಸಹಕರಿಸಬೇಕು.
>
> ಹಂತಗಳು: ಜನವರಿ ಮಾಸ್ಟರ್ ಡೇಟಾ, ಫೆಬ್ರವರಿ ಟ್ರೇನಿಂಗ್, ಮಾರ್ಚ್ ಟೆಸ್ಟಿಂಗ್, ಏಪ್ರಿಲ್ 1 ಗೋಲೈವ್.
>
> ಮೊದಲ ಮೀಟಿಂಗ್: ಜನವರಿ 5, ಸೋಮವಾರ ಬೆಳಿಗ್ಗೆ 10. ಪರಿಚಯ, ವೆಂಡರ್ ಪ್ರೆಸೆಂಟೇಷನ್, ಚರ್ಚೆ, ಇತರೆ.

ಓದಿದ್ರೆ ಎಲ್ಲಾ ಇದೆ ಅನ್ಸುತ್ತೆ, ಆದ್ರೆ ಇದನ್ನ ಓದಿ ಯಾರಾದ್ರೂ ಏನಾದ್ರೂ ಮಾಡ್ತಾರಾ ಅಂತ ಧೈರ್ಯ ಬರ್ತಿಲ್ಲ. ಏನು ಬದ್ಲಾಯಿಸ್ಬೇಕು ಹೇಳಿ.

ಲಿನಕ್ಸ್_ಪ್ರಿಯ

ಯಾವ ಇಆರ್‌ಪಿ ತಗೊಂಡ್ರಿ ಸರ್? 70 ಜನದ ಕಂಪನಿಗೆ ಓಪನ್ ಸೋರ್ಸಲ್ಲೇ ಒಳ್ಳೇದು ಸಿಗುತ್ತೆ, ಲೈಸೆನ್ಸ್ ದುಡ್ಡು ಉಳಿಯುತ್ತೆ. ಸರ್ವರ್ ನಿಮ್ಮಲ್ಲೇ ಇಡ್ತೀರಾ ಕ್ಲೌಡಾ? ಕ್ಲೌಡ್ ಆದ್ರೆ ಪೀಣ್ಯದಲ್ಲಿ ನೆಟ್ ಹೋದಾಗ ಏನ್ ಮಾಡ್ತೀರ ಅಂತ ಮೊದ್ಲು ಯೋಚ್ನೆ ಮಾಡಿ.

ಪೀಣ್ಯ_ಪ್ಲಾನಿಂಗ್

ಸಾಫ್ಟ್‌ವೇರ್ ಆಯ್ಕೆ ಮುಗ್ದಿದೆ ಸರ್, ಅದ್ರ ಚರ್ಚೆ ಬೇಡ. ನಂಗೆ ಬೇಕಿರೋದು ಈ ಮೇಲ್ ಬಗ್ಗೆ ಮಾತ್ರ. ನೆಟ್ ವಿಷ್ಯ ಸರಿ, ಬರ್ಕೊಂಡಿದೀನಿ.

ಡೆಲಿವರಿ_ಮ್ಯಾನೇಜರ್_ಬೆಂ

ನಾನು ಐಟಿ ಸರ್ವೀಸಸಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ನಿಮ್ಮ ಮೇಲಲ್ಲಿ ದೊಡ್ಡ ಕೊರತೆ ಅಂದ್ರೆ ರೇಸಿ ಚಾರ್ಟ್ ಇಲ್ಲ. ಒಂದು ಟೇಬಲ್ ಮಾಡಿ, ಎಡಗಡೆ ಕೆಲಸಗಳು, ಮೇಲ್ಗಡೆ ಜನ, ಯಾರು ಮಾಡೋರು, ಯಾರು ಉತ್ತರ ಕೊಡೋರು, ಯಾರನ್ನ ಕೇಳ್ಬೇಕು, ಯಾರಿಗೆ ತಿಳಿಸ್ಬೇಕು ಅಂತ ಪ್ರತಿ ಮನೆಯಲ್ಲೂ ತುಂಬಿ. ಗ್ಯಾಂಟ್ ಚಾರ್ಟ್ ಅಟ್ಯಾಚ್ ಮಾಡಿ. ಗುರಿಗಳಿಗೆ ನಂಬರ್ ಇರ್ಲಿ, "ಪಾರದರ್ಶಕತೆ"ಯನ್ನ ಅಳೆಯೋಕಾಗಲ್ಲ. ಇಷ್ಟಿದ್ರೆ ಎಲ್ರಿಗೂ ಅವರವರ ಕೆಲಸ ಸ್ಪಷ್ಟ ಆಗುತ್ತೆ.

ಅನುಷ್ಠಾನದವಳು

ಫ್ಯಾಕ್ಟರಿಗಳಲ್ಲಿ ಇಆರ್‌ಪಿ ಕೂರ್ಸೋದೇ ನನ್ನ ಕೆಲಸ. ಹೊಸೂರು, ಬೊಮ್ಮಸಂದ್ರ, ಪೀಣ್ಯ ಎಲ್ಲಾ ಕಡೆ ಮಾಡಿದೀನಿ, ಮೊದಲನೇ ಮೇಲ್ ಹೇಗಿತ್ತು ಅನ್ನೋದ್ರ ಮೇಲೆ ಆ ಪ್ರಾಜೆಕ್ಟಿನ ಮಾರ್ಚ್ ತಿಂಗಳು ಹೇಗಿರುತ್ತೆ ಅಂತ ಹೇಳ್ಬೋದು.

ಮೇಲಿನವರು ಗುರಿಗೆ ನಂಬರ್ ಬೇಕು ಅಂದಿದ್ದು ಸರಿ. ರೇಸಿ ವಿಷ್ಯದಲ್ಲಿ ನಂಗೆ ಒಪ್ಪಿಗೆ ಅರ್ಧ ಮಾತ್ರ. ಸಾಫ್ಟ್‌ವೇರ್ ಟೀಮಲ್ಲಿ ಅದು ನಡೆಯುತ್ತೆ, ಮಷಿನ್ ಶಾಪಲ್ಲಿ 30 ಸಾಲಿನ ಟೇಬಲ್ ಕಳ್ಸಿದ್ರೆ ಸೂಪರ್‌ವೈಸರ್ ಮೊಬೈಲಲ್ಲಿ ತೆಗ್ದು ತನ್ನ ಹೆಸರು ಹುಡುಕ್ತಾನೆ, ಆರು ಕಡೆ ಇರುತ್ತೆ, ಮುಚ್ಚಿಡ್ತಾನೆ. ಅದೂ ಅಲ್ದೆ ಅಲ್ಲಿ ಕೆಲಸಗಳು ಇರುತ್ತೆ, ತೀರ್ಮಾನಗಳು ಇರಲ್ಲ. ಇಆರ್‌ಪಿ ಪ್ರಾಜೆಕ್ಟ್ ನಿಲ್ಲೋದು ಕೆಲಸ ಆಗ್ದೆ ಅಲ್ಲ, ತೀರ್ಮಾನ ಆಗ್ದೆ.

ಒಂದೇ ಉದಾಹರಣೆ ಹೇಳ್ತೀನಿ. ನಿಮ್ಮ ಸ್ಟೋರ್ಸ್ ಎಕ್ಸೆಲ್ ತೆಗ್ದು ಬೇರಿಂಗ್ ಅಂತ ಹುಡುಕಿ. ಖಂಡಿತ ಹೀಗೆ ಇರುತ್ತೆ:

```
BEARING 6204 ZZ
Brg 6204-2Z
6204 2RS
Ball bearing 6204
```

ನಾಲ್ಕು ಸಾಲು. ಇದ್ರಲ್ಲಿ ಮೊದಲ್ನೇದು ಎರಡನೇದು ಒಂದೇ ಸಾಮಾನು, ಎರಡೂ ಕಡೆ ಲೋಹದ ಶೀಲ್ಡ್, ಒಂದು ಕಂಪನಿ ಹಾಗೆ ಬರಿಯುತ್ತೆ ಇನ್ನೊಂದು ಹೀಗೆ. ಮೂರನೇದು ರಬ್ಬರ್ ಸೀಲ್ ಇರೋದು, ಕೂಲೆಂಟ್ ಹಾರೋ ಜಾಗಕ್ಕೆ ಅದೇ ಬೇಕು, ಶೀಲ್ಡ್ ಇರೋದ್ರ ಜೊತೆ ಸೇರ್ಸಿದ್ರೆ ಕೆಲಸ ಕೆಟ್ಟಂಗೆ. ನಾಲ್ಕನೇದು ಯಾವುದು ಅಂತ ರ್‍ಯಾಕ್ ಹತ್ರ ಹೋಗಿ ನೋಡಿದ್ರೇನೇ ಗೊತ್ತಾಗೋದು. ಈ ನಾಲ್ಕು ಸಾಲು ಎರಡಾಗ್ಬೇಕಾ ಮೂರಾಗ್ಬೇಕಾ ಅಂತ ವೆಂಡರಿಗೆ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ, ಓನರಿಗಂತೂ ಗೊತ್ತಾಗಲ್ಲ. ಸ್ಟೋರ್ಸ್ ಇನ್‌ಚಾರ್ಜಿಗೆ ಗೊತ್ತು. ಹಾಗಾಗಿ ಮೇಲಲ್ಲಿ "ಐಟಂ ಮಾಸ್ಟರಲ್ಲಿ ಯಾವ ಐಟಂ ಇರ್ಬೇಕು, ಯಾವ್ದು ಇನ್ನೊಂದ್ರ ಜೊತೆ ಸೇರ್ಬೇಕು ಅನ್ನೋ ಕೊನೇ ಮಾತು ಇವರದ್ದು" ಅಂತ ಒಬ್ಬರ ಹೆಸರು ಹಾಕಿ. ವಿಭಾಗದ ಹೆಸರು ಹಾಕ್ಬೇಡಿ. "ಸ್ಟೋರ್ಸ್" ಅಂದ್ರೆ ಯಾರೂ ಅಲ್ಲ.

ಇಂಥ ತೀರ್ಮಾನಗಳು ನಿಮ್ಮ ಅಳತೆಯ ಕಂಪನಿಗೆ ಐದಾರು ಇರುತ್ತೆ ಅಷ್ಟೆ. ಐಟಂ ಮಾಸ್ಟರ್, ಬಿಲ್ ಆಫ್ ಮೆಟೀರಿಯಲ್ ಮತ್ತು ರೂಟಿಂಗ್, ಓಪನಿಂಗ್ ಬ್ಯಾಲೆನ್ಸ್, ಪ್ರಿಂಟ್ ಫಾರ್ಮ್ಯಾಟುಗಳು, ಯಾರಿಗೆ ಯಾವ ಸ್ಕ್ರೀನ್ ಕಾಣ್ಬೇಕು ಅನ್ನೋದು, ಕೊನೇದಾಗಿ ಗೋಲೈವ್ ಹೌದಾ ಅಲ್ವಾ. ಒಂದೊಂದಕ್ಕೂ ಒಂದೊಂದು ಹೆಸರು.

ಸ್ಟೋರ್ಸ್_ಕೌಂಟರ್

ನಾನು ಬೇರೆ ಫ್ಯಾಕ್ಟರೀಲಿ ಸ್ಟೋರ್ಸ್ ಇನ್‌ಚಾರ್ಜ್, ಇಂಥ ಮೇಲ್ ಬರೋ ಕಡೆ ಕೂತಿರೋನು. ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ, ಆದ್ರೆ ಒಂದು ಸೇರಿಸ್ಬೇಕು. ಹೆಸರು ಹಾಕಿದ್ರೆ ಸಾಲ್ದು, ಟೈಮ್ ಕೊಡ್ಬೇಕು. ನಮ್ಮಲ್ಲಿ ಮೇಲ್ ಬಂದಾಗ ನನ್ನ ಹೆಸರು ಇತ್ತು, ಮಾಸ್ಟರ್ ಡೇಟಾ ಜನವರಿ ಒಳಗೆ ಅಂತ ಇತ್ತು, ನಾನು ಬೆಳಿಗ್ಗೆಯಿಂದ ಸಂಜೆವರ್ಗೂ ಇಶ್ಯೂ ಕೌಂಟರಲ್ಲಿ ನಿಂತಿರ್ತೀನಿ, ಇನ್ಸರ್ಟ್ ಕೊಡಿ ಡ್ರಿಲ್ ಕೊಡಿ ಅಂತ ಆಪರೇಟರುಗಳು ಬರ್ತಾನೇ ಇರ್ತಾರೆ, ಮಧ್ಯೆ ಗಾಡಿ ಬಂದ್ರೆ ಇಳ್ಸಿ ಜಿಆರ್‌ಎನ್ ಮಾಡ್ಬೇಕು, ಇದ್ರ ನಡುವೆ ಸಾವಿರಾರು ಸಾಲಿನ ಎಕ್ಸೆಲ್ ಯಾವಾಗ ನೋಡ್ಲಿ? ಕೌಂಟರ್ ಯಾರು ನೋಡ್ಕೊಳ್ತಾರೆ ಅಂತ ಆ ಮೇಲಲ್ಲಿ ಇರ್ಲಿಲ್ಲ. ಕೇಳಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರು.

ಇನ್ನೊಂದು, ರಾಡ್. ನಾವು ರೌಂಡ್ ಬಾರ್ ಕೊಳ್ಳೋದು ಕೆಜಿ ಲೆಕ್ಕ, ಬಿಲ್ಲೂ ಕೆಜಿ. ಮಷಿನಿಗೆ ಕೊಡೋದು ಕಟ್ ಪೀಸ್ ಲೆಕ್ಕ. ರ್‍ಯಾಕಲ್ಲಿ ಎಣಿಸೋದು ಎಷ್ಟು ಬಾರ್ ಅಂತ. ಇದ್ರಲ್ಲಿ ಯಾವ್ದು ಹಾಕ್ಬೇಕು ಅಂತ ಯಾರೂ ಹೇಳ್ದೆ ಕೆಲವು ಐಟಂ ಕೆಜಿಯಲ್ಲೂ ಕೆಲವು ನಂಬರಲ್ಲೂ ಹೋಯ್ತು, ಮೊದಲ್ನೇ ತಿಂಗಳೇ ಸ್ಟಾಕ್ ರಿಪೋರ್ಟಲ್ಲಿ ಮೈನಸ್ ಬಂತು.

ಅನುಷ್ಠಾನದವಳು

@ಸ್ಟೋರ್ಸ್_ಕೌಂಟರ್ ಸರ್, ಟೈಮ್ ವಿಷ್ಯ ನಾನು ಬಿಟ್ಟಿದ್ದು, ನೀವು ಹೇಳಿದ್ದೇ ಮುಖ್ಯ. ಹೆಸರಿನ ಪಕ್ಕದಲ್ಲೇ "ದಿನಕ್ಕೆ ಎರಡು ಗಂಟೆ, ಮಧ್ಯಾಹ್ನ 2ರಿಂದ 4, ಆಗ ಕೌಂಟರ್ ಇವರು ನೋಡ್ಕೊಳ್ತಾರೆ" ಅಂತ ಇನ್ನೊಂದು ಹೆಸರೂ ಬರ್ಬೇಕು. ಇದನ್ನ ಪ್ರಾಜೆಕ್ಟ್ ನೋಡ್ಕೊಳ್ಳೋರು ಬರೆಯೋಕಾಗಲ್ಲ, ಓನರ್ ಒಪ್ಪಬೇಕು, ಹಾಗಾಗಿ ಮೇಲ್ ಹೋಗೋ ಮುಂಚೆ ಓನರ್ ಹತ್ರ ಕೂತು ಮುಗ್ಸಿ.

ರಾಡಿಗೆ ದಾರಿ ಇದೆ. ಉಕ್ಕಿನ ರೌಂಡ್ ಬಾರಿಗೆ ವ್ಯಾಸದ ವರ್ಗ ಭಾಗಿಸು 162 ಅಂದ್ರೆ ಒಂದು ಮೀಟರಿನ ಕೆಜಿ ಬರುತ್ತೆ, ಶಾಪಲ್ಲಿ ಎಲ್ರಿಗೂ ಗೊತ್ತಿರೋ ಲೆಕ್ಕ. 25 ಎಂಎಂ ಇಎನ್8 ತಗೊಳ್ಳಿ, 625 ಭಾಗಿಸು 162, ಮೀಟರಿಗೆ ಸುಮಾರು 3.86 ಕೆಜಿ, 6 ಮೀಟರ್ ಬಾರು 23 ಕೆಜಿ ಚಿಲ್ರೆ. ಸ್ಟಾಕ್ ಕೆಜಿಯಲ್ಲೇ ಇರ್ಲಿ, 120 ಎಂಎಂ ಪೀಸ್ ಇಶ್ಯೂ ಮಾಡಿದ್ರೆ ಸಿಸ್ಟಂ 0.463 ಕೆಜಿ ಕಳೀಲಿ. ಆದ್ರೆ ಪೀಸಿನ ಜೊತೆ ಗರಗಸದ ಅಗಲವೂ ಹೋಗುತ್ತೆ, ಬಾರಿನ ತುದೀಲಿ ಒಂದು ತುಂಡು ಉಳಿಯುತ್ತೆ, ಅದನ್ನ ಸ್ಕ್ರಾಪ್ ಅಂತ ಬರೀತೀರಾ ಅಥವಾ ಪೀಸಿನ ತೂಕಕ್ಕೇ ಸೇರ್ಸ್ತೀರಾ? ಇದೂ ಒಂದು ತೀರ್ಮಾನ, ಇದಕ್ಕೂ ಒಬ್ಬರು ಬೇಕು. ನಿಮ್ಮ ಜಾಗದಲ್ಲಿದ್ರೆ ಇದನ್ನ ಮೊದಲ್ನೇ ಮೀಟಿಂಗ್ ಅಜೆಂಡಾದಲ್ಲೇ ಇಡ್ತಿದ್ದೆ. ಇದು ತೀರ್ಮಾನ ಆಗ್ದೆ ಐಟಂ ಮಾಸ್ಟರ್ ಶುರು ಮಾಡೋಕೇ ಆಗಲ್ಲ.

ಪೀಣ್ಯ_ಪ್ಲಾನಿಂಗ್

ಎಕ್ಸೆಲ್ ತೆಗ್ದು ನೋಡ್ದೆ ಮೇಡಂ. 6204 ನಮ್ಮಲ್ಲಿ ಐದು ಸಾಲಲ್ಲಿದೆ. ರಾಡಂತೂ ಮೂರು ಥರದಲ್ಲೂ ಇದೆ, ಕೆಜಿ, ಮೀಟರ್, ನಂಬರ್.

ಗುರಿ ಬಗ್ಗೆ ಹೇಳಿ, ನಂಬರ್ ಅಂದ್ರೆ ಯಾವ ನಂಬರ್? ಓನರಿಗೆ ಬೇಕಿರೋದು ಅವರದೇ ಮಾತಲ್ಲಿ ಹೇಳ್ಬೇಕು ಅಂದ್ರೆ "ಕಸ್ಟಮರ್ ಫೋನ್ ಮಾಡಿ ನನ್ನ ಐಟಂ ಎಲ್ಲಿದೆ ಅಂದ್ರೆ ನಾನು ಶಾಪ್ ಫ್ಲೋರಿಗೆ ಓಡ್ಬಾರ್ದು" ಅಂತ.

ಅನುಷ್ಠಾನದವಳು

ಅದನ್ನೇ ಬರೀರಿ! ಅವರ ಮಾತನ್ನ ಹಾಗೇ ಹಾಕಿ. ಅದಕ್ಕಿಂತ ಒಳ್ಳೇ ಗುರಿ ಸಿಗಲ್ಲ, ಯಾಕಂದ್ರೆ ಏಪ್ರಿಲ್ ಕೊನೇಲಿ ಪರೀಕ್ಷೆ ಮಾಡ್ಬೋದು, ಹತ್ತು ಆರ್ಡರ್ ನಂಬರ್ ಹೇಳಿ ಸ್ಕ್ರೀನ್ ನೋಡಿ ಉತ್ತರ ಕೊಟ್ಟು ಆಮೇಲೆ ಫ್ಲೋರಿಗೆ ಹೋಗಿ ಚೆಕ್ ಮಾಡಿ, ಎಷ್ಟು ಸರಿ ಬಂತು ಅಂತ. ಇನ್ನೊಂದು ಗುರಿ ಸ್ಟಾಕ್ ಬಗ್ಗೆ ಇರ್ಲಿ, ಆರ್ಸಿದ 50 ಐಟಂ ಎಣಿಸಿದ್ರೆ 48 ಆದ್ರೂ ಸಿಸ್ಟಂ ಜೊತೆ ತಾಳೆ ಆಗ್ಬೇಕು ಅನ್ನೋ ಥರ. ಎರಡು ಸಾಕು, ಹೆಚ್ಚೆಂದ್ರೆ ಮೂರು.

ಜೊತೆಗೆ ಏನು ಮಾಡಲ್ಲ ಅಂತಲೂ ಬರೀರಿ. ಮೊದಲ್ನೇ ಹಂತದಲ್ಲಿ ಸಂಬಳ ಇಲ್ಲ, ಮಷಿನ್ ಮೇಂಟೆನೆನ್ಸ್ ಇಲ್ಲ, ಟೂಲ್ ಲೈಫ್ ಇಲ್ಲ. ಇದನ್ನ ಬರೀದೇ ಇದ್ರೆ ಫೆಬ್ರವರೀಲಿ ಒಬ್ಬೊಬ್ಬರೇ ಬಂದು ನಮ್ಮದೂ ಹಾಕಿ ಅಂತಾರೆ, ವೆಂಡರ್ ಅದಕ್ಕೆ ಬೇರೆ ಬಿಲ್ ಹಾಕ್ತಾರೆ, ಡೇಟ್ ಮುಂದೆ ಹೋಗುತ್ತೆ.

ಡೆಲಿವರಿ_ಮ್ಯಾನೇಜರ್_ಬೆಂ

ತೀರ್ಮಾನಕ್ಕೆ ಹೆಸರು ಅನ್ನೋದು ಒಪ್ಪಿದೆ, ನಮ್ಮ ಪ್ರಾಜೆಕ್ಟುಗಳಲ್ಲೂ "ಉತ್ತರ ಕೊಡೋರು" ಅನ್ನೋ ಮನೆಯಲ್ಲಿ ಇಬ್ಬರ ಹೆಸರು ಬಂದಾಗ್ಲೇ ತೊಂದ್ರೆ ಆಗೋದು. ಆದ್ರೆ ಗ್ಯಾಂಟ್ ಚಾರ್ಟ್ ಬಗ್ಗೆ ಯಾರೂ ಏನೂ ಹೇಳ್ಲಿಲ್ಲ, ಅದನ್ನ ಬಿಡ್ಬೇಡಿ, ಎರಡು ಕೆಲಸ ಒಂದ್ರ ಮೇಲೊಂದು ಬೀಳೋದು ಅದ್ರಲ್ಲೇ ಕಾಣೋದು.

ಲೆಕ್ಕದಕ್ಕ

ನಾನು ಅಕೌಂಟ್ಸ್ ಕಡೆಯವಳು, ಇಂಥ ಎರಡು ಬದಲಾವಣೆ ಹತ್ತಿರದಿಂದ ನೋಡಿದೀನಿ. "ಏಪ್ರಿಲ್ 1 ಗೋಲೈವ್" ಅಂತ ಒಂದು ಸಾಲಲ್ಲಿ ಬರ್ದಿದೀರಲ್ಲ ಅದ್ರ ಹಿಂದೆ ಎಷ್ಟಿದೆ ಅಂತ ನೋಡಿ. ಏಪ್ರಿಲ್ 1ಕ್ಕೆ ಹೋಗೋದು ಅಕೌಂಟ್ಸಿಗೆ ಸುಲಭ, ಯಾಕಂದ್ರೆ ಖರ್ಚು ಆದಾಯದ ಲೆಡ್ಜರ್ ಎಲ್ಲಾ ಸೊನ್ನೆಯಿಂದ ಶುರು, ಬ್ಯಾಲೆನ್ಸ್ ಶೀಟಿನ ಬಾಕಿ ಮಾತ್ರ ತಂದ್ರಾಯ್ತು. ಇನ್‌ವಾಯ್ಸ್ ಸೀರೀಸೂ ಹೊಸ ವರ್ಷಕ್ಕೆ ಹೊಸದಾಗಿ ಶುರು ಮಾಡ್ಬೋದು, 16 ಅಕ್ಷರಕ್ಕಿಂತ ಜಾಸ್ತಿ ಇರ್ಬಾರ್ದು ಅನ್ನೋದು ನೆನಪಿರ್ಲಿ, ವೆಂಡರುಗಳು ಯೂನಿಟ್ ಕೋಡ್ ವರ್ಷ ಎಲ್ಲಾ ಸೇರ್ಸಿ ಉದ್ದ ಮಾಡಿಡ್ತಾರೆ. ನಿಮ್ಮ ಟರ್ನೋವರ್ 5 ಕೋಟಿ ದಾಟಿದ್ರೆ ಇ-ಇನ್‌ವಾಯ್ಸ್ ಕಡ್ಡಾಯ, ಐಆರ್‌ಎನ್ ಬರ್ದೇ ಗಾಡಿ ಹೊರಡೋಕಾಗಲ್ಲ, ಹಾಗಾಗಿ ಅದ್ರ ಟೆಸ್ಟ್ ಬೇರೆ ಮೈಲಿಗಲ್ಲಾಗಿ ಬರ್ಬೇಕು, "ಮಾರ್ಚ್ ಟೆಸ್ಟಿಂಗ್" ಅನ್ನೋದ್ರೊಳಗೆ ಮುಳುಗ್ಬಾರ್ದು.

ಎಲ್ರೂ ಮರೆಯೋದು ಜಾಬ್ ವರ್ಕ್. ಪ್ಲೇಟಿಂಗಿಗೆ, ಹೀಟ್ ಟ್ರೀಟ್‌ಮೆಂಟಿಗೆ ಕಳ್ಸಿರೋ ನಿಮ್ಮ ಮಾಲು ಮಾರ್ಚ್ 31ರ ರಾತ್ರಿ ನಿಮ್ಮ ಗೋಡೌನಲ್ಲಿ ಇರಲ್ಲ, ಆದ್ರೆ ನಿಮ್ಮದೇ ಸ್ಟಾಕು. ಯಾವ ಚಲನ್ನಲ್ಲಿ ಎಷ್ಟು ಹೋಗಿದೆ ಎಷ್ಟು ವಾಪಸ್ ಬಂದಿದೆ ಅಂತ ಪಾರ್ಟಿವಾರು ಬಾಕಿ ಹೊಸ ಸಿಸ್ಟಮಿಗೆ ಬರ್ಬೇಕು. ಒಂದು ವರ್ಷದೊಳಗೆ ವಾಪಸ್ ಬರ್ದಿದ್ರೆ ಜಿಎಸ್‌ಟಿಯಲ್ಲಿ ಅದನ್ನ ಕಳ್ಸಿದ ದಿನಾನೇ ಸಪ್ಲೈ ಮಾಡ್ದಂಗೆ ಲೆಕ್ಕ ಹಾಕ್ತಾರೆ, ಹಳೇ ಚಲನ್ ಡೇಟ್ ಕಳ್ಕೊಂಡ್ರೆ ಆ ವರ್ಷ ಯಾವಾಗ ಮುಗಿಯುತ್ತೆ ಅಂತಾನೇ ಗೊತ್ತಾಗಲ್ಲ. ಎಣಿಕೆ ದಿನ ಇದಕ್ಕೆ ಅಂತಲೇ ಒಬ್ಬರು ಜಾಬ್ ವರ್ಕರುಗಳಿಂದ ಬರಹದಲ್ಲಿ ಬಾಕಿ ತರ್ಸ್ಬೇಕು.

ಇನ್ನೊಂದು, ಹಳೇ ಸಾಫ್ಟ್‌ವೇರ್ ಯಾವಾಗ ಬಂದ್ ಅಂತ ಮೇಲಲ್ಲಿ ಇರ್ಲಿ. ಎಂಟ್ರಿ ಬಂದ್ ಆಗ್ಬೇಕು, ಡೇಟಾ ಬಂದ್ ಆಗ್ಬಾರ್ದು. ಪ್ರೈವೇಟ್ ಲಿಮಿಟೆಡ್ ಕಂಪನಿ ಪುಸ್ತಕಗಳು 8 ವರ್ಷ ಇರ್ಬೇಕು. ಎಡಿಟ್ ಲಾಗ್ ಇರೋ ಸಾಫ್ಟ್‌ವೇರೇ ಬಳಸ್ಬೇಕು ಅನ್ನೋ ನಿಯಮ 2023ರ ಏಪ್ರಿಲ್ 1ರಿಂದ ಇದೆ, ಹೊಸ ಇಆರ್‌ಪಿಯಲ್ಲಿ ಅದು ಆನ್ ಇದೆಯಾ ಅಂತ ಆಡಿಟರನ್ನ ಕರ್ಸಿ ತೋರ್ಸಿ.

ಉದ್ಯಮಬಾಗ್_ಫೌಂಡ್ರಿ

ಬೆಳಗಾವಿಯಿಂದ ಬರ್ಯಾಕತ್ತೀನ್ರಿ. ನಮ್ಮದು ಫೌಂಡ್ರಿ, ನಮ್ಮಲ್ಲೂ ಹಿಂಗ ಏಪ್ರಿಲ್ ಒಂದಕ್ಕ ಅಂತ ಇಟ್ಟಿದ್ರು. ಅಕ್ಕಾರು ಹೇಳಿದ್ದು ಅಕೌಂಟ್ಸಿಗೆ ಖರೇ ಐತಿ, ಆದ್ರ ಶಾಪಿಗೆ ಮಾರ್ಚ್ ಅಂದ್ರ ಏನ್ ನಡೀತೈತಿ ಅಂತ ನಿಮಗೂ ಗೊತ್ತೈತಲ್ರೀ. ವರ್ಷದ ಟಾರ್ಗೆಟ್ ಅಂತ ಕಸ್ಟಮರ್ ಎಲ್ಲಾ ಮಾಲು 31ರೊಳಗ ಬೇಕಂತಾರ, ರಾತ್ರಿ ಹನ್ನೆರಡರ ತನಕ ಲೋಡಿಂಗ್ ನಡೀತಿರ್ತದ, ಅದರಾಗ ಸ್ಟಾಕ್ ಎಣಿಸ್ರಿ, ಟೆಸ್ಟಿಂಗ್ ಮಾಡ್ರಿ ಅಂದ್ರ ಯಾರೂ ಬರೂದಿಲ್ಲ. ನಾವು ಕಡೀಕ ಮೇ ಒಂದಕ್ಕ ಮಾಡಿದ್ವಿ, ಏಪ್ರಿಲ್ ಮೊದಲ ಎರಡು ವಾರ ಮಾಲು ಕಡಿಮಿ ಇರ್ತೈತಿ, ಆರಾಮ ಎಣಿಸಿದ್ವಿ. ನನ್ನ ಕೇಳಿದ್ರ ಏಪ್ರಿಲ್ ಒಂದು ಬ್ಯಾಡ್ರಿ.

ಲೆಕ್ಕದಕ್ಕ

ಸರ್ ಮೇ 1ಕ್ಕೆ ಹೋದ್ರೆ ಏಪ್ರಿಲ್ ತಿಂಗಳ ಮಾರಾಟ ಖರೀದಿ ಖರ್ಚು ಎಲ್ಲಾ ಹಳೇದ್ರಲ್ಲಿರುತ್ತೆ, ವರ್ಷದ ಕೊನೇಲಿ ಪಿ ಅಂಡ್ ಎಲ್ ಎರಡು ಕಡೆಯಿಂದ ಸೇರ್ಸ್ಬೇಕು, ಇಲ್ಲಾಂದ್ರೆ ಏಪ್ರಿಲಿನ ಟೋಟಲುಗಳನ್ನ ಹೊಸದಕ್ಕೆ ಜರ್ನಲ್ ಹಾಕಿ ತರ್ಬೇಕು. ಆಗದ ಕೆಲಸ ಅಲ್ಲ, ಆದ್ರೆ ಅಕೌಂಟ್ಸಲ್ಲಿ ಒಬ್ಬರೇ ಇದ್ರೆ ಹೊರೆ. ಯಾರ ಹೊರೆ ಕಮ್ಮಿ ಮಾಡ್ಬೇಕು ಅನ್ನೋದು ಇಲ್ಲಿನ ಪ್ರಶ್ನೆ.

ಉದ್ಯಮಬಾಗ್_ಫೌಂಡ್ರಿ

ಹೌದ್ರಿ, ನಮ್ಮ ಅಕೌಂಟಂಟ್ ಸಾಹೇಬ್ರು ಇವತ್ತಿಗೂ ಆ ಜರ್ನಲ್ ಬಗ್ಗೆ ಮಾತಾಡ್ತಾರ. ಆದ್ರ ಅದು ಒಬ್ಬರು ಕುಂತು ಮಾಡೂ ಕೆಲಸ, ಎಣಿಕಿ ತಪ್ಪಿದ್ರ ಇಡೀ ಶಾಪಿಗೆ ತ್ರಾಸ.

ಅನುಷ್ಠಾನದವಳು

ಇಬ್ಬರದ್ದೂ ಸರಿ, ನಾನು ಎರಡೂ ಮಾಡಿದೀನಿ. ಇದನ್ನ ಇಲ್ಲಿ ತೀರ್ಮಾನ ಮಾಡೋಕಾಗಲ್ಲ, ಆದ್ರೆ ಮೇಲಲ್ಲಿ ಒಂದು ಕೆಲಸ ಮಾಡ್ಬೋದು. ಏಪ್ರಿಲ್ 1 ಬರೀರಿ, ಅದ್ರ ಮುಂಚೆ "ಹೋಗೋಣ್ವಾ ಬೇಡ್ವಾ" ಅಂತ ನೋಡೋ ದಿನ ಬರೀರಿ, ಆ ದಿನ ಏನೇನು ಸರಿ ಇದ್ರೆ ಹೋಗ್ತೀವಿ ಅಂತ ಬರೀರಿ, ಸರಿ ಇಲ್ದಿದ್ರೆ ಮೇ 1 ಅಂತಲೂ ಬರೀರಿ. ಇದನ್ನ ಜನವರೀಲೇ ಬರ್ದಿಟ್ರೆ ಮಾರ್ಚಲ್ಲಿ ಮುಂದೂಡೋದು ಯಾರ ಸೋಲೂ ಆಗಲ್ಲ. ಬರೀದಿದ್ರೆ ಓನರ್ ಮುಖ ನೋಡ್ಕೊಂಡು ಎಲ್ರೂ ರೆಡಿ ಸರ್ ಅಂತಾರೆ.

ಮೈಲಿಗಲ್ಲು ಅಂದ್ರೆ ತಿಂಗಳ ಹೆಸರಲ್ಲ. "ಫೆಬ್ರವರಿ ಟ್ರೇನಿಂಗ್" ಮುಗಿದಿದೆಯಾ ಅಂತ ಹೇಗೆ ನೋಡ್ತೀರ? ಎಲ್ರೂ ಕೂತು ವೆಂಡರ್ ಸ್ಕ್ರೀನ್ ನೋಡಿದ್ರೆ ಮುಗಿತಾ? ಹೀಗೆ ಬರೀರಿ, "ಫೆಬ್ರವರಿ 28, ಶನಿವಾರ: ಒಂದು ನಿಜವಾದ ಆರ್ಡರನ್ನ ಪರ್ಚೇಸಿಂದ ಇನ್‌ವಾಯ್ಸ್ ತನಕ ನಮ್ಮವರೇ ಮಾಡ್ತಾರೆ, ವೆಂಡರ್ ಕೀಬೋರ್ಡ್ ಮುಟ್ಟಲ್ಲ." ಆವತ್ತು ಆಯ್ತಾ ಇಲ್ವಾ ಅಂತ ರೂಮಲ್ಲಿರೋ ಎಲ್ರಿಗೂ ಕಾಣುತ್ತೆ. ಕೀಬೋರ್ಡ್ ವಿಷ್ಯ ಬೇಕಂತಲೇ ಹೇಳ್ತಿದೀನಿ, ಟೆಸ್ಟಿಂಗಲ್ಲಿ ಯಾರಾದ್ರೂ ಸಿಕ್ಕಾಕ್ಕೊಂಡ್ರೆ ವೆಂಡರ್ ಹುಡುಗ ಎರಡು ಕ್ಲಿಕ್ ಮಾಡಿ ಮುಂದೆ ಕಳಿಸ್ತಾನೆ, ಪಾಸ್ ಅಂತ ಬರ್ಕೊಳ್ತಾರೆ, ಆ ಹುಡುಗ ಏಪ್ರಿಲಲ್ಲಿ ಇರಲ್ಲ.

ಸ್ಟೋರ್ಸ್_ಕೌಂಟರ್

ಮೀಟಿಂಗ್ ಬಗ್ಗೆ. ಬೆಳಿಗ್ಗೆ 10ಕ್ಕೆ ಇಟ್ರೆ ಸೆಕೆಂಡ್ ಶಿಫ್ಟ್ ಸೂಪರ್‌ವೈಸರ್ ಬರಲ್ಲ. ಶಿಫ್ಟ್ ಬದ್ಲಾಗೋ ಹೊತ್ತಿಗೆ ಇಡಿ. ಪರಿಚಯ ತೆಗೀರಿ, 70 ಜನದ ಕಂಪನೀಲಿ ಎಲ್ರಿಗೂ ಎಲ್ರೂ ಗೊತ್ತು. ವೆಂಡರ್ ಪ್ರೆಸೆಂಟೇಷನ್ನೂ ತೆಗೀರಿ, ಒಂದು ಗಂಟೇಲಿ ಮುಕ್ಕಾಲು ಗಂಟೆ ಅದೇ ತಿನ್ನುತ್ತೆ. ಇನ್ನೊಂದು ಮಾತು, ಫ್ಲೋರಲ್ಲಿ ಅರ್ಧ ಜನಕ್ಕೆ ಆಫೀಸ್ ಮೇಲ್ ಐಡಿಯೇ ಇರಲ್ಲ. ಪ್ರಿಂಟ್ ತೆಗ್ದು ಟೈಮ್ ಆಫೀಸ್ ಪಕ್ಕ ನೋಟಿಸ್ ಬೋರ್ಡಿಗೆ ಹಾಕಿ.

ಲಿನಕ್ಸ್_ಪ್ರಿಯ

ವೆಂಡರ್ ಹೊರಗಿನವರಾದ್ರೆ ಮೇಲ್ ಕನ್ನಡದಲ್ಲಿ ಹೇಗೆ? ಎರಡು ಭಾಷೇಲಿ ಕಳಿಸ್ತೀರಾ?

ಪೀಣ್ಯ_ಪ್ಲಾನಿಂಗ್

ವೆಂಡರ್ ಟೀಮ್ ಪುಣೆಯವರು. ಒಳಗಿನವರಿಗೆ ಕನ್ನಡದಲ್ಲಿ, ವೆಂಡರಿಗೆ ಬೇರೆ ಇಂಗ್ಲಿಷ್ ಮೇಲ್ ಅಂತ ಅಂದ್ಕೊಂಡಿದೀನಿ. ನೀವೆಲ್ಲ ಹೇಳಿದ್ದು ಓನರ್ ಹತ್ರ ಕೂತು ಮಾತಾಡಿ ಮತ್ತೆ ಬರ್ದೆ. ಹೆಸರುಗಳನ್ನ ಇಲ್ಲಿ ತೆಗ್ದು ಹುದ್ದೆ ಹಾಕಿದೀನಿ, ಅಸಲಿ ಮೇಲಲ್ಲಿ ಹೆಸರು, ಮೊಬೈಲ್ ನಂಬರ್ ಎರಡೂ ಇದೆ.

> ವಿಷಯ: ಹೊಸ ಸಾಫ್ಟ್‌ವೇರ್: ಮೊದಲ ಮೀಟಿಂಗ್ ಜನವರಿ 5 ಸೋಮವಾರ ಮಧ್ಯಾಹ್ನ 2ಕ್ಕೆ, ಬರೋ ಮುಂಚೆ ಮಾಡ್ಬೇಕಾದ್ದು ಒಳಗಿದೆ
>
> ಎಲ್ಲರಿಗೂ ನಮಸ್ಕಾರ.
>
> ಏಪ್ರಿಲ್ 1, ಬುಧವಾರದಿಂದ ಪರ್ಚೇಸ್, ಸ್ಟೋರ್ಸ್, ಪ್ರೊಡಕ್ಷನ್, ಡಿಸ್ಪ್ಯಾಚ್, ಅಕೌಂಟ್ಸ್ ಒಂದೇ ಸಾಫ್ಟ್‌ವೇರಲ್ಲಿ ನಡೀಬೇಕು. ಇದ್ರಿಂದ ಎರಡು ಆಗ್ಬೇಕು. ಒಂದು, ಕಸ್ಟಮರ್ ತಮ್ಮ ಆರ್ಡರ್ ಎಲ್ಲಿದೆ ಅಂತ ಕೇಳಿದ್ರೆ ಶಾಪ್ ಫ್ಲೋರಿಗೆ ಹೋಗದೆ ಉತ್ತರ ಕೊಡೋಕಾಗ್ಬೇಕು. ಎರಡು, ಸ್ಟೋರ್ಸಲ್ಲಿ ಯಾವುದೇ 50 ಐಟಂ ಎಣಿಸಿದ್ರೆ 48 ಆದ್ರೂ ಸ್ಕ್ರೀನಿನ ಲೆಕ್ಕಕ್ಕೆ ಸರಿ ಹೋಗ್ಬೇಕು. ಏಪ್ರಿಲ್ 30ಕ್ಕೆ ಎರಡನ್ನೂ ಪರೀಕ್ಷೆ ಮಾಡ್ತೀವಿ. ಸಂಬಳ, ಮಷಿನ್ ಮೇಂಟೆನೆನ್ಸ್, ಟೂಲ್ ಲೈಫ್ ಈ ಹಂತದಲ್ಲಿ ಇಲ್ಲ.
>
> ಕೊನೇ ಮಾತು ಯಾರದ್ದು: ಐಟಂ ಪಟ್ಟಿ ಮತ್ತು ಅಳತೆಯ ಯೂನಿಟ್ ಸ್ಟೋರ್ಸ್ ಇನ್‌ಚಾರ್ಜ್ ಅವರದ್ದು. ಜನವರಿ 7ರಿಂದ 30ರ ತನಕ ಅವರು ದಿನಾ 2ರಿಂದ 4 ಇದೇ ಕೆಲಸದಲ್ಲಿರ್ತಾರೆ, ಆಗ ಕೌಂಟರ್ ಸ್ಟೋರ್ಸ್ ಸಹಾಯಕರು ನೋಡ್ಕೊಳ್ತಾರೆ, ಇನ್ಸರ್ಟ್ ಡ್ರಿಲ್ ಬೇಕಾದವರು 2ರ ಮುಂಚೆ ತಗೊಳ್ಳಿ. ಯಾವ ಪಾರ್ಟಿಗೆ ಯಾವ ಆಪರೇಷನ್, ಎಷ್ಟು ಮೆಟೀರಿಯಲ್ ಅನ್ನೋದು ಪ್ರೊಡಕ್ಷನ್ ಹೆಡ್. ಓಪನಿಂಗ್ ಬ್ಯಾಲೆನ್ಸ್, ಇನ್‌ವಾಯ್ಸ್ ಸೀರೀಸ್, ಇ-ಇನ್‌ವಾಯ್ಸ್ ಅಕೌಂಟ್ಸ್ ಮ್ಯಾನೇಜರ್. ಜಾಬ್ ವರ್ಕರ್ ಹತ್ರ ಇರೋ ಮಾಲಿನ ಬಾಕಿ ಪರ್ಚೇಸ್ ಆಫೀಸರ್. ಏಪ್ರಿಲ್ 1ಕ್ಕೆ ಹೋಗೋದಾ ಬೇಡ್ವಾ ಅನ್ನೋದು ಎಂಡಿ. ಎರಡು ವಿಭಾಗದ ಮಧ್ಯೆ ಒಪ್ಪಿಗೆ ಆಗ್ದಿದ್ರೆ ನನಗೆ ಹೇಳಿ, ಎರಡು ದಿನದೊಳಗೆ ಎಂಡಿ ಮುಂದೆ ಇಟ್ಟು ಮುಗ್ಸ್ತೀನಿ.
>
> ದಿನಗಳು: ಜನವರಿ 30, ಒಂದೇ ಸಾಮಾನಿಗೆ ಎರಡು ಹೆಸರು ಇಲ್ಲದ ಐಟಂ ಪಟ್ಟಿ. ಫೆಬ್ರವರಿ 28, ಒಂದು ನಿಜವಾದ ಆರ್ಡರ್ ಪರ್ಚೇಸಿಂದ ಇನ್‌ವಾಯ್ಸ್ ತನಕ ನಮ್ಮವರ ಕೈಯಲ್ಲೇ. ಮಾರ್ಚ್ 14, ಇ-ಇನ್‌ವಾಯ್ಸ್ ಟೆಸ್ಟ್. ಮಾರ್ಚ್ 20, ಹೋಗೋದಾ ಬೇಡ್ವಾ ಮೀಟಿಂಗ್. ಮಾರ್ಚ್ 28 ಮತ್ತು 29, ಸ್ಟಾಕ್ ಎಣಿಕೆ. ಮಾರ್ಚ್ 20ಕ್ಕೆ ಮೊದಲ ಮೂರರಲ್ಲಿ ಒಂದು ಬಾಕಿ ಇದ್ರೂ ಮೇ 1ಕ್ಕೆ ಹೋಗ್ತೀವಿ.
>
> ಮೀಟಿಂಗ್ ಒಂದು ಗಂಟೆ. ಮೊದಲ 5 ನಿಮಿಷ ಎಂಡಿ ಮಾತು. 20 ನಿಮಿಷ: ರೌಂಡ್ ಬಾರ್ ಸ್ಟಾಕ್ ಕೆಜಿಯಲ್ಲಾ ನಂಬರಲ್ಲಾ, ತುದಿ ತುಂಡು ಏನು ಮಾಡೋದು, ಅಲ್ಲೇ ತೀರ್ಮಾನ. 20 ನಿಮಿಷ: ಮೇಲಿನ ದಿನಗಳಲ್ಲಿ ಯಾರಿಗೆ ಯಾವ್ದು ಆಗಲ್ಲ, ಕಾರಣ ಸಮೇತ. 10 ನಿಮಿಷ: ನೆಟ್ ಹೋದಾಗ ಇಶ್ಯೂ, ಡಿಸ್ಪ್ಯಾಚ್ ಹೇಗೆ. ಕೊನೇ 5 ನಿಮಿಷ ಯಾರು ಏನು ಒಪ್ಪಿಕೊಂಡ್ರು ಅಂತ ಓದ್ತೀನಿ.
>
> ಬರೋ ಮುಂಚೆ: ನಿಮ್ಮ ವಿಭಾಗದಲ್ಲಿ ಈಗ ನಡೀತಿರೋ ಪ್ರತಿ ರಿಜಿಸ್ಟರಿನ ಒಂದು ಪೇಜ್ ಫೋಟೋ ತೆಗ್ದು ಶನಿವಾರ, ಜನವರಿ 3ರೊಳಗೆ ನನಗೆ ಕಳ್ಸಿ.

ಅನುಷ್ಠಾನದವಳು

ತುಂಬಾ ಚೆನ್ನಾಗಿದೆ. ರಿಜಿಸ್ಟರ್ ಫೋಟೋ ಐಡಿಯಾ ನಾನು ಕದೀತೀನಿ, ಯಾರಿಗೂ ನೆನಪಿಲ್ಲದ ಒಂದೆರಡು ರಿಜಿಸ್ಟರ್ ಖಂಡಿತ ಹೊರಗೆ ಬರುತ್ತೆ.

ಎರಡು ತಿದ್ದುಪಡಿ. 2026ರ ಯುಗಾದಿ ಮಾರ್ಚ್ 19, ಗುರುವಾರ. ಮಾರ್ಚ್ 20ಕ್ಕೆ ಅರ್ಧ ಫ್ಯಾಕ್ಟರಿ ಊರಲ್ಲಿರುತ್ತೆ, ಆ ಮೀಟಿಂಗನ್ನ 23 ಸೋಮವಾರಕ್ಕೆ ಹಾಕಿ. ಎರಡನೇದು, ಎಣಿಕೆ 28, 29ಕ್ಕೆ ಮಾಡಿ 31ರ ತನಕ ಡಿಸ್ಪ್ಯಾಚ್ ನಡೀತಿದ್ರೆ ಮಧ್ಯದ ಎರಡು ದಿನದ ಇಶ್ಯೂ, ರಿಸೀಟ್ ಎಲ್ಲಾ ಕೈಯಲ್ಲಿ ಸೇರಿಸಿ ಕಳೀಬೇಕಾಗುತ್ತೆ. ಆ ಎರಡು ದಿನದ ಸ್ಲಿಪ್ಪುಗಳನ್ನ ಬೇರೆ ಬಣ್ಣದ ಕಾಗದದಲ್ಲಿ ಮಾಡಿ, ಯಾರು ಕೂಡಿಸ್ತಾರೆ ಅಂತ ಅಲ್ಲೂ ಒಂದು ಹೆಸರು.

ಉದ್ಯಮಬಾಗ್_ಫೌಂಡ್ರಿ

ಆ ಎರಡು ದಿನದ ಲೆಕ್ಕಾನ ನಮಗ ತಪ್ಪಿದ್ದು ನೋಡ್ರಿ. ಅದಕ್ಕ ಹೇಳಿದ್ದು ಮೇ ಒಂದು ಅಂತ.

ಡೆಲಿವರಿ_ಮ್ಯಾನೇಜರ್_ಬೆಂ

ಯುಗಾದಿ ಬಿದ್ದಿದ್ದು ಗ್ಯಾಂಟ್ ಚಾರ್ಟಲ್ಲಿ ಹಬ್ಬದ ಕ್ಯಾಲೆಂಡರ್ ಹಾಕಿದ್ರೆ ತಾನಾಗೇ ಕಾಣ್ತಿತ್ತು. ಮೇಲಿಗೆ ಬೇಡ ಅಂದ್ರೂ ನೀವು ನಿಮ್ಮ ಹತ್ರ ಒಂದು ಇಟ್ಕೊಳ್ಳಿ. ಮತ್ತೆ ವೆಂಡರಿಗೆ ಬೇರೆ ಮೇಲ್ ಅನ್ನೋದು ನನಗೆ ಸರಿ ಕಾಣಲ್ಲ. ಎರಡು ಮೇಲಲ್ಲಿ ಎರಡು ಡೇಟ್ ಆಗೋ ಅಪಾಯ ಇದೆ, ಈಗ 20 ಹೋಗಿ 23 ಆಯ್ತಲ್ಲ, ಅಂಥದ್ದು.

ಲೆಕ್ಕದಕ್ಕ

ಒಂದೇ ಮೇಲ್ ಆದ್ರೆ ಒಳಗಿನ ಮಾತು ವೆಂಡರಿಗೆ ಹೋಗುತ್ತೆ. ಮೇ 1 ಅನ್ನೋ ಎರಡನೇ ದಾರಿ ವೆಂಡರಿಗೆ ಜನವರೀಲೇ ಗೊತ್ತಾದ್ರೆ ಮಾರ್ಚಲ್ಲಿ ಅವರು ಒಳ್ಳೇ ಜನಾನ ಬೇರೆ ಕಡೆ ಕಳಿಸ್ತಾರೆ. ನಾನಾದ್ರೆ ದಿನಗಳ ಪಟ್ಟಿ ಮಾತ್ರ ಎರಡಕ್ಕೂ ಒಂದೇ ಫೈಲ್ ಇಟ್ಟು, ಮೇಲ್ ಬೇರೆ ಬೇರೆ ಕಳಿಸ್ತಿದ್ದೆ.

ಪೀಣ್ಯ_ಪ್ಲಾನಿಂಗ್

23 ಮಾಡ್ದೆ. ಹಳದಿ ಸ್ಲಿಪ್ ಅಂತ ಸೇರ್ಸಿದೆ, ಕೂಡಿಸೋಕೆ ಡಿಸ್ಪ್ಯಾಚ್ ಕ್ಲರ್ಕ್ ಒಪ್ಪಿದಾರೆ. ವೆಂಡರ್ ವಿಷ್ಯ ಇನ್ನೂ ಗೊಂದಲ ಇದೆ, ನಾಳೆ ಎಂಡಿ ಹತ್ರ ಕೇಳ್ತೀನಿ. @ಸ್ಟೋರ್ಸ್_ಕೌಂಟರ್ ಸರ್, ನಮ್ಮ ಸ್ಟೋರ್ಸ್ ಇನ್‌ಚಾರ್ಜಿಗೆ ಮೇಲ್ ಕಳ್ಸೋ ಮುಂಚೆ ಪ್ರಿಂಟ್ ತೋರ್ಸ್ದೆ. ಎರಡು ಗಂಟೆ ಸಾಲಲ್ಲ, ರ್‍ಯಾಕ್ ಹತ್ರ ನಿಂತು ನೋಡ್ಬೇಕು ಅಂದ್ರೆ ಇನ್ನೊಬ್ಬ ಹುಡುಗ ಬೇಕು ಅಂದ್ರು. ನಿಮ್ಮಲ್ಲಿ ಎಷ್ಟು ಜನ ಸೇರಿ ಮುಗ್ಸಿದ್ರಿ?

ಸ್ಟೋರ್ಸ್_ಕೌಂಟರ್

ಇಬ್ಬರು ಬೇಕೇ ಬೇಕು ಸರ್. ಒಬ್ಬ ರ್‍ಯಾಕಲ್ಲಿ ಡಬ್ಬದ ಮೇಲಿಂದು ಓದಿ ಹೇಳ್ಬೇಕು, ಒಬ್ಬ ಸ್ಕ್ರೀನಲ್ಲಿ ತಿದ್ದಬೇಕು. ಓದೋ ಹುಡುಗ ಸ್ಟೋರ್ಸಿನವನೇ ಆಗ್ಬೇಕು, ಟ್ರೈನಿಗಳನ್ನ ಕೊಟ್ರೆ ಝಡ್‌ಝಡ್ ಆರ್‌ಎಸ್ ಎರಡೂ ಒಂದೇ ಅಂತ ಓದ್ಬಿಡ್ತಾರೆ.